ನೆಟ್ಟಗೆ ಮಾಡಿದ ಫೋಟೋದಲ್ಲಿ ವಾಲಿದ ಕಂಬವೇ ಕಾಣೆ: ಹಳೇ ಮನೆಯ ದಾಖಲೆ ಫೋಟೋ ಬಗ್ಗೆ ಸಲಹೆ ಬೇಕು

ಮಧುಗಿರಿ_ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮುತ್ತಾತ ಕಟ್ಟಿಸಿದ ತೊಟ್ಟಿ ಮನೆ ಇದೆ. ಯುಗಾದಿ ಕಳೆದ ಮೇಲೆ ಅದನ್ನು ಬಿಚ್ಚುತ್ತಾರೆ. ಮನೆಯವರೆಲ್ಲ ಕೂತು ತೀರ್ಮಾನ ಮಾಡಿ ಆಗಿದೆ, ತಡೆಯುವುದು ನನ್ನ ಕೈಯಲ್ಲಿಲ್ಲ. ಬಿಚ್ಚುವ ಮುಂಚೆ ಸರಿಯಾದ ಫೋಟೋ ದಾಖಲೆ ಮಾಡಿಡಬೇಕು ಅಂತ ಆಸೆ. ಮುಂದೆ ಯಾರಾದರೂ ನೋಡಿದರೆ ಮನೆ ಹೇಗಿತ್ತು, ಎಷ್ಟಿತ್ತು ಅಂತ ಗೊತ್ತಾಗಬೇಕು.

ಮನೆ ಉತ್ತರಕ್ಕೆ ಮುಖ ಮಾಡಿದೆ. ಮುಂದೆ ಉದ್ದಕ್ಕೂ ಜಗಲಿ, ಜಗಲಿಯಲ್ಲಿ ಆರು ಮರದ ಕಂಬ. ಅಗಲ ಸುಮಾರು 40 ಅಡಿ, ನಡುವಿನ ಮಹಡಿ ಸೇರಿ ಎತ್ತರ 20 ಅಡಿ. ಬೀದಿ ಇಕ್ಕಟ್ಟು. ಎದುರು ಮನೆ ಗೋಡೆಗೆ ಬೆನ್ನು ಒತ್ತಿ ನಿಂತರೂ ನನಗೂ ಕಂಬಕ್ಕೂ 16 ಅಡಿ ಅಷ್ಟೇ.

ಸಂಕ್ರಾಂತಿಗೆ ಹೋದಾಗ ಕ್ಯಾಮೆರಾದ ಮುಖ ಮೇಲಕ್ಕೆ ಎತ್ತಿ ತೆಗೆದೆ. ಗೋಡೆಗಳೆಲ್ಲ ಮೇಲಕ್ಕೆ ಹೋಗ್ತಾ ಒಳಗೆ ಬಾಗಿದ ಹಾಗೆ ಬಂದವು. ಲೈಟ್‌ರೂಮ್‌ನಲ್ಲಿ `Auto` ಒತ್ತಿದೆ, ಎಲ್ಲ ನೆಟ್ಟಗಾಯಿತು. ಖುಷಿಯಿಂದ ದೊಡ್ಡಪ್ಪನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಮೂರನೇ ಕಂಬ ವಾಲಿತ್ತಲ್ಲೋ, ಇದ್ರಲ್ಲಿ ನೆಟ್ಟಗೆ ನಿಂತಿದೆ. ಇದು ನಮ್ಮ ಮನೇನಾ?" ಅಂದರು. ಹೋಗಿ ನೋಡಿದೆ. ಆ ಕಂಬ ನಿಜವಾಗಿಯೂ ಪೂರ್ವಕ್ಕೆ ವಾಲಿದೆ. ಫೋಟೋದಲ್ಲಿ ಮಾತ್ರ ಇಲ್ಲ. ಹಾಗಾದರೆ ಏನು ಮಾಡಬೇಕು? ಕ್ಯಾಮೆರಾ ಹಳೇ ಕ್ರಾಪ್ ಸೆನ್ಸರ್‌ನದ್ದು, ಜೊತೆಗೆ ಬಂದ 18-55 ಲೆನ್ಸ್ ಇದೆ. ತ್ರಿಪಾದಿ ಇದೆ.

ಕ್ಲಿಕ್_ಕೋಲಾರ

ಬ್ರದರ್, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾನು ಹನ್ನೆರಡು ವರ್ಷದಿಂದ ಮದುವೆ, ಗೃಹಪ್ರವೇಶ ತೆಗೆಯುತ್ತಿದ್ದೇನೆ. ಹೊಸ ಮನೆಗಳನ್ನೆಲ್ಲ ಹೀಗೇ ತೆಗೆಯೋದು. `Auto` ಬದಲು `Vertical` ಸ್ಲೈಡರ್ ಕೈಯಲ್ಲೇ ಎಳೆಯಿರಿ, ಕಣ್ಣಿಗೆ ಸರಿ ಕಂಡಾಗ ನಿಲ್ಲಿಸಿ. ಬೆಳಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಚಿನ್ನದಂಥ ಬೆಳಕು ಬರುತ್ತಲ್ಲ, ಆಗ ತೆಗೆಯಿರಿ. ಸೂಪರ್ ಬರುತ್ತದೆ.

ಹಳೇಗೋಡೆ

ಕ್ಲಿಕ್ ಅವರು ಹೇಳಿದ ಸ್ಲೈಡರ್ ತಪ್ಪಲ್ಲ, ಆದರೆ ಅರ್ಧ ದಾರಿ ಅಷ್ಟೇ. ಹೊಸ ಮನೆಯಲ್ಲಿ ಗೋಡೆ ನೆಟ್ಟಗಿರುತ್ತದೆ ಅಂತ ನಾವು ನಂಬಬಹುದು. ಹಳೇ ಮನೆಯಲ್ಲಿ ನಮಗೆ ಗೊತ್ತಾಗಬೇಕಾದ್ದೇ ಅದು: ಯಾವುದು ನೆಟ್ಟಗಿದೆ, ಯಾವುದು ಇಲ್ಲ. `Auto` ಏನು ಮಾಡುತ್ತದೆ ಅಂದರೆ, ಚಿತ್ರದಲ್ಲಿ ಕಾಣುವ ಗೆರೆಗಳನ್ನು ಹುಡುಕಿ, ಇವು ನೆಟ್ಟಗಿರಬೇಕು ಅಂತ ಊಹಿಸಿ ಎಳೆಯುತ್ತದೆ. ನಿಮ್ಮ ಫೋಟೋದಲ್ಲಿ ಆ ಮೂರನೇ ಕಂಬದ ಕಪ್ಪು ಅಂಚೇ ಎಲ್ಲಕ್ಕಿಂತ ಗಟ್ಟಿ ಗೆರೆ ಆಗಿದ್ದಿರಬಹುದು. ಆಗ ಅದನ್ನೇ ನೆಟ್ಟಗೆ ಮಾಡಿ, ವಾಲಿಕೆಯನ್ನು ಉಳಿದ ಕಂಬಗಳಿಗೆ ಸ್ವಲ್ಪ ಸ್ವಲ್ಪ ಹಂಚಿಬಿಡುತ್ತದೆ. ಕಣ್ಣಿಗೆ ಸರಿ ಕಾಣುವವರೆಗೆ ಸ್ಲೈಡರ್ ಎಳೆದರೂ ಅದೇ ಕಥೆ. ಕಣ್ಣಿಗೂ ನೆಟ್ಟಗಿರುವುದೇ ಇಷ್ಟ.

ಇನ್ನೊಂದು ತೊಂದರೆ ಇದೆ. ಬಾಗಿದ ಚಿತ್ರವನ್ನು ಸರಿ ಮಾಡುವಾಗ ಮೇಲಿನ ಭಾಗ ಹಿಗ್ಗುತ್ತದೆ. ಸೂರಿನ ಕೆಳಗಿನ ಕೆತ್ತನೆ ಮಸುಕಾಗುತ್ತದೆ. ಎತ್ತರ ಅಗಲದ ಲೆಕ್ಕವೂ ಕೆಡುತ್ತದೆ, ಮನೆ ಇದ್ದದ್ದಕ್ಕಿಂತ ಉದ್ದವಾಗಿ ಅಥವಾ ಕುಳ್ಳಗೆ ಕಾಣುತ್ತದೆ.

ಅದಕ್ಕೆ ಮೊದಲ ಕೆಲಸ ಕ್ಯಾಮೆರಾದ ಮುಖವನ್ನು ಮೇಲಕ್ಕೆ ಎತ್ತದೇ ಇರುವುದು. ಕ್ಯಾಮೆರಾದ ಬೆನ್ನು ಗೋಡೆಗೆ ಸಮನಾಗಿ ನಿಂತರೆ ಗೆರೆಗಳು ಬಾಗುವುದೇ ಇಲ್ಲ. ನಿಮ್ಮ ಲೆಕ್ಕ ಹಾಕೋಣ. ಕ್ರಾಪ್ ಸೆನ್ಸರ್, 18 ಮಿ.ಮೀ., ಕ್ಯಾಮೆರಾ ಉದ್ದುದ್ದ ಹಿಡಿದರೆ 16 ಅಡಿ ದೂರದಲ್ಲಿ ಸುಮಾರು 21 ಅಡಿ ಎತ್ತರ, 14 ಅಡಿ ಅಗಲ ಸಿಗುತ್ತದೆ. ನೆಲದಿಂದ 5 ಅಡಿ ಎತ್ತರದಲ್ಲಿಟ್ಟು ಮಟ್ಟವಾಗಿ ಹಿಡಿದರೆ ಮೇಲೆ ಹದಿನೈದೂವರೆ ಅಡಿವರೆಗೆ ಮಾತ್ರ ಕಾಣುತ್ತದೆ. ಮಹಡಿ ಕತ್ತರಿಸಿ ಹೋಗುತ್ತದೆ, ಕೆಳಗೆ ಬೀದಿ ಸುಮ್ನೆ ವ್ಯರ್ಥ. ಅದೇ ಕ್ಯಾಮೆರಾವನ್ನು 10 ಅಡಿಗೆ ಏರಿಸಿ. ಆಗ ಬೀದಿಯ ನೆಲದಿಂದ ಮಹಡಿಯ ಸೂರಿನವರೆಗೆ ಅಂಚಿಗಂಚಿಗೆ ಹಿಡಿಯುತ್ತದೆ. ಕಟ್ಟಡದ ಅರ್ಧ ಎತ್ತರಕ್ಕೆ ಕ್ಯಾಮೆರಾ ಏರಿಸುವುದು, ಅಷ್ಟೇ ಗುಟ್ಟು.

ಮಧುಗಿರಿ_ಮೊಮ್ಮಗ

10 ಅಡಿಗೆ ಹೇಗೆ ಸರ್? ಎದುರು ಮನೆಗೆ ಮಹಡಿ ಇಲ್ಲ, ಹೆಂಚಿನ ಮಾಡು.

ಗಾರೆಮನೆ_ಹುಡುಗ

ಅಣ್ಣ, ಟ್ರಾಕ್ಟರ್ ಟ್ರೇಲರ್ ಸಿಗಲ್ವಾ? ಟ್ರೇಲರ್ ಹಲಗೆ ನೆಲದಿಂದ ನಾಲ್ಕಡಿ ಹತ್ತಿರ ಇರುತ್ತದೆ. ಅದರ ಮೇಲೆ ತ್ರಿಪಾದಿ ಪೂರ್ತಿ ಎತ್ತಿದರೆ 10 ಅಡಿ ಹತ್ತಿರ ಬಂತು. ಎದುರು ಗೋಡೆ ಕಡೆಗೆ ಒತ್ತಿ ನಿಲ್ಲಿಸಿ, ಹಿಂದಿನ ಅಂಚಲ್ಲಿ ತ್ರಿಪಾದಿ ಇಡಿ. ಒಂದು ಫೋಟೋ ಆದಮೇಲೆ ಟ್ರೇಲರ್ ತಳ್ಳಿಕೊಂಡು ಮುಂದಿನ ಜಾಗಕ್ಕೆ ಹೋಗಬಹುದು. ಚಕ್ರಕ್ಕೆ ಕಲ್ಲು ಕೊಡಿ, ಇಲ್ಲದಿದ್ದರೆ ಅಲ್ಲಾಡುತ್ತದೆ.

ಇನ್ನೊಂದು ಮಾತು. ನಮ್ಮಪ್ಪ ಮೇಸ್ತ್ರಿ. ಗೋಡೆ ವಾಲಿದೆಯಾ ಅಂತ ನೋಡೋಕೆ ಅವರು ಸಾಫ್ಟ್‌ವೇರ್ ಕೇಳಲ್ಲ, ದಾರಕ್ಕೆ ಕಟ್ಟಿದ ತೂಗುಗುಂಡು ಬಿಡುತ್ತಾರೆ. ಸೂರಿನ ತೊಲೆಯಿಂದ ಒಂದು ತೂಗುಗುಂಡು ಇಳಿಬಿಟ್ಟೇ ಫೋಟೋ ತೆಗೆದರೆ ಏನಾಗುತ್ತೆ?

ಹಳೇಗೋಡೆ

ಗಾರೆಮನೆಯವರೇ, ಈ ಮಾತು ಎಲ್ಲಕ್ಕಿಂತ ಬೆಲೆಯದ್ದು. ಚಿತ್ರದೊಳಗೇ ಒಂದು ನಿಜವಾದ ನೇರಗೆರೆ ಇದ್ದರೆ ಯಾವ ತಕರಾರೂ ಉಳಿಯುವುದಿಲ್ಲ. ಒಂದಲ್ಲ, ಎರಡು ಬಿಡಿ, ಚಿತ್ರದ ಎಡಕ್ಕೊಂದು ಬಲಕ್ಕೊಂದು. ಲೈಟ್‌ರೂಮ್‌ನಲ್ಲಿ `Guided` ಅಂತ ಇದೆ. ಅದರಲ್ಲಿ ನಾವೇ ಗೆರೆ ಎಳೆದು ಇದು ನೆಟ್ಟಗಿದೆ ಅಂತ ಹೇಳಬಹುದು, ಕನಿಷ್ಠ ಎರಡು ಗೆರೆ ಬೇಕು. ಆ ಎರಡು ಗೆರೆಯನ್ನು ದಾರದ ಮೇಲೆಯೇ ಎಳೆಯಿರಿ, ಕಂಬದ ಮೇಲೆ ಎಳೆಯಬೇಡಿ. ಆಗ ದಾರಗಳು ನೇರವಾಗುತ್ತವೆ, ವಾಲಿದ ಕಂಬ ವಾಲಿಯೇ ಇರುತ್ತದೆ. ಟ್ರೇಲರ್ ಮೇಲೆ ಮಟ್ಟ ಒಂದು ಕೂದಲೆಳೆ ತಪ್ಪಿದರೂ ಇದರಿಂದ ಸರಿ ಮಾಡಿಕೊಳ್ಳಬಹುದು.

ದಾರ ಬಿಳಿ ಆದರೆ ಸುಣ್ಣದ ಗೋಡೆ ಮೇಲೆ ಕಾಣುವುದಿಲ್ಲ. ಕೆಂಪು ಅಥವಾ ಕಪ್ಪು ನೈಲಾನ್ ದಾರ ತನ್ನಿ.

ಗಾರೆಮನೆ_ಹುಡುಗ

ಗುಂಡನ್ನು ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿಡಿ, ತಳ ಮುಟ್ಟಬಾರದು. ಗಾಳಿಗೆ ತೂಗಾಡುವುದು ನಿಲ್ಲುತ್ತದೆ.

ಆದರೆ ಒಂದು ಎಚ್ಚರಿಕೆ ಅಣ್ಣ. ಎದುರಿನಿಂದ ತೆಗೆದ ಫೋಟೋದಲ್ಲಿ ಪಕ್ಕಕ್ಕೆ ವಾಲಿದ್ದು ಮಾತ್ರ ಕಾಣುತ್ತದೆ. ಬೀದಿ ಕಡೆಗೆ ವಾಲಿದ್ದರೆ ಎದುರಿನಿಂದ ಗೊತ್ತೇ ಆಗಲ್ಲ. ಮಣ್ಣಿನ ಗೋಡೆ ಜಾಸ್ತಿ ಕೆಡುವುದೇ ಹಾಗೆ, ನಡುವಲ್ಲಿ ಹೊಟ್ಟೆ ಬಿಟ್ಟಿರುತ್ತದೆ. ಅದಕ್ಕೆ ಜಗಲಿಯ ಒಂದು ತುದಿಯಲ್ಲಿ ನಿಂತು, ಗೋಡೆಯ ಉದ್ದಕ್ಕೂ ನೋಡುವ ಹಾಗೆ ಇನ್ನೊಂದು ತೆಗೆಯಿರಿ. ಅಲ್ಲೂ ಒಂದು ತೂಗುಗುಂಡು.

ಶಿಡ್ಲಘಟ್ಟದವಳು

ನಾನೂ ಕೇಳಬಹುದಾ? ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇದೆ, ಕೆಳಗೆ ನಾಲ್ಕು ಸಾಲು ಅಕ್ಷರ. ಎಷ್ಟು ಸಲ ಫೋಟೋ ತೆಗೆದರೂ ಅಕ್ಷರ ಓದೋಕೆ ಆಗುತ್ತಿಲ್ಲ. ಅದನ್ನೂ ತೂಗುಗುಂಡು ಹಾಕಿ ತೆಗೆಯಬೇಕಾ? ಒಬ್ಬರು ಸೀಮೆಸುಣ್ಣ ತುಂಬಿ ತೆಗೆಯಿರಿ ಅಂದರು.

ಹಳೇಗೋಡೆ

ಮೇಡಂ, ನಿಮ್ಮ ಕಲ್ಲಿಗೆ ತೂಗುಗುಂಡು ಬೇಡ, ಓರೆ ಬೆಳಕು ಬೇಕು. ಸೀಮೆಸುಣ್ಣ, ವಿಭೂತಿ, ಎಣ್ಣೆ ಯಾವುದನ್ನೂ ಮುಟ್ಟಿಸಬೇಡಿ. ಸೀಮೆಸುಣ್ಣ ತುಂಬಿದವರು ತಾವು ಓದಿದ ಅಕ್ಷರವನ್ನೇ ತುಂಬುತ್ತಾರೆ, ಮುಂದಿನವರಿಗೆ ನಿಜವಾದ ಗೀರು ಯಾವುದು ಅಂತ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಹೋಗಿ. ಕ್ಯಾಮೆರಾ ಕಲ್ಲಿನ ಎದುರಿಗೇ ತ್ರಿಪಾದಿ ಮೇಲಿರಲಿ. ಟಾರ್ಚನ್ನು ಕಲ್ಲಿನ ಪಕ್ಕದಿಂದ, ಬೆಳಕು ಮುಖದ ಮೇಲೆ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಒಂದು ಎಡದಿಂದ, ಒಂದು ಬಲದಿಂದ, ಒಂದು ಮೇಲಿನಿಂದ. ಕ್ಯಾಮೆರಾ ಅಲುಗಿಸಬೇಡಿ. ಒಂದರಲ್ಲಿ ಕಾಣದ ಗೀರು ಇನ್ನೊಂದರಲ್ಲಿ ಎದ್ದು ಕಾಣುತ್ತದೆ, ಯಾಕೆಂದರೆ ಬೆಳಕು ಬಂದ ದಿಕ್ಕಿಗೇ ಮಲಗಿದ ಗೀರಿಗೆ ನೆರಳು ಬೀಳುವುದಿಲ್ಲ. ನಿಮ್ಮ ಕಲ್ಲು ಈಗಾಗಲೇ ಅಚ್ಚಾಗಿದೆಯೇ ಅಂತ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 1905ರ ಕೋಲಾರ ಸಂಪುಟದಲ್ಲಿ ನೋಡಿ. ಆಗ ಶಿಡ್ಲಘಟ್ಟವೂ ಕೋಲಾರ ಜಿಲ್ಲೆಯಲ್ಲೇ ಇತ್ತು.

ಈಗ ಮೊಮ್ಮಗ ಅವರ ಬೆಳಕಿನ ವಿಷಯ. ಕ್ಲಿಕ್ ಅವರು ಚಿನ್ನದ ಬೆಳಕು ಅಂದರಲ್ಲ, ಉತ್ತರ ಮುಖದ ಮನೆಗೆ ಈ ತಿಂಗಳಲ್ಲಿ ಅದು ಬೀಳುವುದೇ ಇಲ್ಲ. ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ದಾಟುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಈಗ ದಿನವಿಡೀ ಸೂರ್ಯ ನಿಮ್ಮ ಮನೆಯ ಹಿಂದೆ. ಅಂದರೆ ಆಕಾಶ ಬೆಳ್ಳಗೆ ಉರಿಯುತ್ತದೆ, ಜಗಲಿ ಕಪ್ಪಾಗುತ್ತದೆ.

ಇದನ್ನು ಎರಡು ಸಲಕ್ಕೆ ಹಂಚಿಕೊಳ್ಳಿ. ಪೂರ್ತಿ ಮುಂಭಾಗವನ್ನು ಬೆಳಕು ಹರಿದ ಮೇಲೆ, ಬಿಸಿಲು ಬರುವ ಮುಂಚೆ ತೆಗೆಯಿರಿ. ಆಗ ಆಕಾಶಕ್ಕೂ ಗೋಡೆಗೂ ವ್ಯತ್ಯಾಸ ಕಡಿಮೆ. ಜಗಲಿಯ ಒಳಗಿನದ್ದಕ್ಕೆ ಹತ್ತೂವರೆವರೆಗೆ ಕಾಯಿರಿ. ಅಷ್ಟು ಹೊತ್ತಿಗೆ ಬಿಸಿಲು ನಿಮ್ಮ ಮಾಡಿನ ಮೇಲಿಂದ ದಾಟಿ ಎದುರು ಮನೆ ಗೋಡೆಗೆ ಬೀಳುತ್ತದೆ. ಆ ಗೋಡೆ ದೊಡ್ಡ ಬಿಳಿ ಬಟ್ಟೆ ಹಿಡಿದ ಹಾಗೆ ಮೆತ್ತನೆಯ ಬೆಳಕನ್ನು ನಿಮ್ಮ ಜಗಲಿಯೊಳಕ್ಕೆ ಎಸೆಯುತ್ತದೆ. ಬಾಗಿಲವಾಡದ ಮೇಲಿನ ಪಟ್ಟಿ, ಕಂಬದ ತಲೆಯ ಮೇಲೆ ಕೂತ ಬೋದಿಗೆ, ಎಲ್ಲ ತಾವಾಗಿ ಕಾಣಿಸಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಸೂರ್ಯ ಲೆನ್ಸ್‌ಗೇ ಹೊಡೆಯುತ್ತದೆ, ಒಬ್ಬರು ಕೊಡೆ ಹಿಡಿದು ಲೆನ್ಸ್ ಮೇಲೆ ನೆರಳು ಮಾಡಲಿ. ಎದುರು ಮನೆ ಬಣ್ಣ ಯಾವುದು?

ಮಧುಗಿರಿ_ಮೊಮ್ಮಗ

ಗಿಳಿಹಸಿರು ಡಿಸ್ಟೆಂಪರ್ ಸರ್!

ಹಳೇಗೋಡೆ

ಹಾಗಾದರೆ ನಿಮ್ಮ ಸುಣ್ಣದ ಗೋಡೆಯೂ ಹಸಿರಾಗಿ ಬರುತ್ತದೆ. ನಾಲ್ಕು ಬಿಳಿ ಪಂಚೆ ತೆಗೆದುಕೊಂಡು ಆ ಗೋಡೆ ಮೇಲೆ ಇಳಿಬಿಡಿ. ಜೊತೆಗೆ ಪ್ರತಿ ಬೆಳಕಿನಲ್ಲೂ ಒಂದು ಬೂದು ಕಾರ್ಡ್ ಇಟ್ಟು ಒಂದು ಫೋಟೋ ತೆಗೆಯಿರಿ, ಬಣ್ಣ ಆಮೇಲೆ ಅದರ ಮೇಲೆ ಸರಿ ಮಾಡಬಹುದು.

ಕ್ಲಿಕ್_ಕೋಲಾರ

ಹಸಿರು ಗೋಡೆ ವಿಷಯ ನನಗೂ ಅನುಭವ ಆಗಿದೆ, ಛತ್ರಗಳಲ್ಲಿ ಮದುಮಗಳ ಮುಖವೇ ಹಸಿರಾಗುತ್ತದೆ. ಒಪ್ಪಿದೆ. ಆದರೆ ಅಳತೆಗೆ ಅಂತ ಇಷ್ಟೆಲ್ಲ ಯಾಕೆ? ಮನೆ ಮುಂದೆ ಒಬ್ಬರನ್ನು ನಿಲ್ಲಿಸಿದರೆ ಎತ್ತರ ಗೊತ್ತಾಗುತ್ತಲ್ಲ. ದೊಡ್ಡಪ್ಪನನ್ನೇ ನಿಲ್ಲಿಸಿ, ನೆನಪೂ ಆಯಿತು.

ಹಳೇಗೋಡೆ

ದೊಡ್ಡಪ್ಪನ ಫೋಟೋ ಖಂಡಿತ ತೆಗೆಯಿರಿ, ಅದು ಬೇರೆ ಚಿತ್ರವಾಗಿರಲಿ. ಅಳತೆಗೆ ಅಳತೆಕೋಲು ಬೇಕು. ಕೊಳ್ಳಬೇಕಾಗಿಲ್ಲ. ಕರೆಂಟ್ ಕೆಲಸದವರ ಪಿವಿಸಿ ಪೈಪ್ 2 ಮೀಟರ್ ಕತ್ತರಿಸಿ, 20 ಸೆಂ.ಮೀ.ಗೆ ಒಂದರಂತೆ ಕೆಂಪು ಬಿಳಿ ಪಟ್ಟಿ ಬಳಿಯಿರಿ.

ಕೋಲು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೇ ಮುಖ್ಯ. ನಿಮ್ಮ ಜಗಲಿ ಎಷ್ಟು ಆಳ ಇದೆ? 6 ಅಡಿ ಅಂದುಕೊಳ್ಳೋಣ. ಕಂಬದ ಪಕ್ಕ ಇಟ್ಟ ಕೋಲು ಕ್ಯಾಮೆರಾದಿಂದ 16 ಅಡಿ ದೂರ, ಹಿಂದಿನ ಗೋಡೆ 22 ಅಡಿ ದೂರ. ದೂರದ್ದು ಚಿಕ್ಕದಾಗಿ ಕಾಣುತ್ತದೆ. ಆ ಕೋಲಿನ ಲೆಕ್ಕದಲ್ಲಿ 6 ಅಡಿಯ ಬಾಗಿಲನ್ನು ಅಳೆದರೆ ನಾಲ್ಕು ಅಡಿ ನಾಲ್ಕು ಅಂಗುಲ ಅಂತ ಬರುತ್ತದೆ. ಮುಂದೆ ಯಾರೋ ಫೋಟೋ ನೋಡಿ, ಈ ಕಾಲದವರು ಬಗ್ಗಿ ಒಳಗೆ ಹೋಗುತ್ತಿದ್ದರು ಅಂತ ಬರೆದುಬಿಡುತ್ತಾರೆ. ಅದಕ್ಕೆ ಕಂಬದ ಸಾಲಿಗೆ ಒಂದು ಕೋಲು, ಗೋಡೆಗೆ ತಾಗಿ ಇನ್ನೊಂದು ಕೋಲು. ಎರಡೂ ನೆಟ್ಟಗೆ ನಿಲ್ಲಬೇಕು. ಕೋಲು ಇದ್ದದ್ದು ಒಂದು, ಇಲ್ಲದ್ದು ಒಂದು, ಎರಡೂ ತೆಗೆಯಿರಿ.

ಪಾವಗಡ_ಟೀಚರ್

ನಾನು ಮಕ್ಕಳ ಜೊತೆ ಊರಿನ ಹಳೇ ಗುಡಿಯ ಕೆತ್ತನೆ ತೆಗೆಸಿದ್ದೆ. ಅಳತೆಗೆ ಐದು ರೂಪಾಯಿ ನಾಣ್ಯ ಇಟ್ಟೆವು. ಆಮೇಲೆ ನೋಡಿದರೆ ಮಕ್ಕಳ ಹತ್ತಿರ ಇದ್ದ ನಾಣ್ಯಗಳು ಬೇರೆ ಬೇರೆ ಗಾತ್ರದವು, ಹಳೇದು ಹೊಸದು ಸೇರಿ. ಎಲ್ಲ ಮತ್ತೆ ತೆಗೆಯಬೇಕಾಯಿತು. ಈಗ 10 ಸೆಂ.ಮೀ. ಪಟ್ಟಿ ಪ್ರಿಂಟ್ ಮಾಡಿ ರಟ್ಟಿಗೆ ಅಂಟಿಸಿದ್ದೇವೆ. ಪ್ರಿಂಟ್ ಆದ ಮೇಲೆ ಸ್ಕೇಲ್ ಇಟ್ಟು ನೋಡಿ, ಪ್ರಿಂಟರ್ ಪುಟಕ್ಕೆ ಹೊಂದಿಸುವಾಗ ಕುಗ್ಗಿಸಿರುತ್ತದೆ. ನಮ್ಮ ಮೊದಲ ಪಟ್ಟಿ 9.6 ಸೆಂ.ಮೀ. ಬಂದಿತ್ತು.

ನನ್ನ ಪ್ರಶ್ನೆ ಬಿಡಿ ಚಿತ್ರಗಳ ಬಗ್ಗೆ. ಎಷ್ಟು ತೆಗೆಯಬೇಕು?

ಹಳೇಗೋಡೆ

ಎಷ್ಟು ಅನ್ನುವುದಕ್ಕಿಂತ ಎಲ್ಲಿಯದು ಅಂತ ಗೊತ್ತಾಗಬೇಕು ಟೀಚರ್. ನಾನು ಕಲಿತದ್ದು ತಪ್ಪಿನಿಂದಲೇ. ಕೋಲಾರ ಕಡೆಯ ಒಂದು ಮಂಟಪದಲ್ಲಿ ಒಂದೇ ದಿನ ಇನ್ನೂರಕ್ಕೂ ಮೇಲೆ ಕೆತ್ತನೆ ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಯಾವ ಹಂಸ ಯಾವ ಕಂಬದ್ದು, ಕಂಬದ ಯಾವ ಮುಖದ್ದು, ಒಂದೂ ಗೊತ್ತಾಗಲಿಲ್ಲ. ಚಿತ್ರಗಳೆಲ್ಲ ಚೆನ್ನಾಗಿದ್ದವು, ಉಪಯೋಗಕ್ಕೆ ಬರಲಿಲ್ಲ.

ಈಗ ಮಾಡುವುದು ಇಷ್ಟು. ಮೊದಲು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಕೈಯಲ್ಲೇ ಬರೆದು, ಪೂರ್ವದಿಂದ ಕಂಬಗಳಿಗೆ ಒಂದರಿಂದ ಆರು ನಂಬರ್ ಕೊಡುತ್ತೇನೆ. ಮೂರನೇ ಕಂಬದ ಬೋದಿಗೆ ತೆಗೆಯಬೇಕಾದರೆ, ಮೊದಲು ಎರಡು ಮೂರು ನಾಲ್ಕನೇ ಕಂಬ ಒಟ್ಟಿಗೆ ಕಾಣುವ ಚಿತ್ರ, ಆಮೇಲೆ ಮೂರನೇ ಕಂಬ ಪೂರ್ತಿ, ಆಮೇಲೆ ಬೋದಿಗೆ, ಕೊನೆಗೆ ಅದರ ಗಿಳಿಯೋ ಮೊಗ್ಗೋ ಏನಿದೆಯೋ ಅದು. ಪ್ರತಿ ಚಿತ್ರದಲ್ಲೂ ಹಿಂದಿನ ಚಿತ್ರದ ಸ್ವಲ್ಪ ಭಾಗ ಇರಬೇಕು. ಫೈಲ್ ಹೆಸರಲ್ಲೇ ಎಲ್ಲ ಬರಲಿ:

```
MANE_N_K3_bodige_E_01.dng
```

ಉತ್ತರ ಮುಖ, ಮೂರನೇ ಕಂಬ, ಬೋದಿಗೆ, ಪೂರ್ವದ ಮಗ್ಗುಲು. ಬರೀ ಅಂದದ ಕೆತ್ತನೆ ತೆಗೆಯಬೇಡಿ. ಬಿಚ್ಚುವ ಮನೆಯಲ್ಲಿ ಕೂಡಿಸಿದ ಜಾಗಗಳೇ ಮುಖ್ಯ. ಕಂಬ ಬೋದಿಗೆಗೆ ಹೇಗೆ ಕೂತಿದೆ, ತೊಲೆಗೆ ತೊಲೆ ಹೇಗೆ ಸೇರಿದೆ, ಮೊಳೆ ಇದೆಯಾ ಮರದ ಗೂಟ ಇದೆಯಾ. ಇವು ಬಿಚ್ಚುವ ದಿನ ಚೆನ್ನಾಗಿ ಕಾಣುತ್ತವೆ, ಆ ದಿನವೂ ಕ್ಯಾಮೆರಾ ಜೊತೆ ಇರಿ.

ಮಧುಗಿರಿ_ಮೊಮ್ಮಗ (ಹನ್ನೆರಡು ದಿನದ ನಂತರ)

ಹೋಗಿ ಬಂದೆ. ಟ್ರೇಲರ್ ಸಿಕ್ಕಿತು, ಬೆಳಗ್ಗೆ ಆರೂಮುಕ್ಕಾಲಿಗೆ ಶುರು ಮಾಡಿದೆವು. ಮಟ್ಟಕ್ಕೆ ಬಡಗಿಯ ರಸಮಟ್ಟವನ್ನೇ ಕ್ಯಾಮೆರಾ ಮೇಲೆ ಇಟ್ಟೆ. ISO 100, f/8, ಒಂದೊಂದು ಜಾಗದಲ್ಲಿ ಕಡಿಮೆ, ಸರಿ, ಜಾಸ್ತಿ ಬೆಳಕಿನ ಮೂರು ಮೂರು. ಜಗಲಿಯ ಉದ್ದಕ್ಕೆ ನಾಲ್ಕು ಜಾಗ, ಒಂಬತ್ತು ಅಡಿಗೆ ಒಂದರಂತೆ.

ಮೂರನೇ ಕಂಬದ ಎಡಕ್ಕೆ ಕೆಂಪು ದಾರ ಬಿಟ್ಟಿದ್ದೆ. ಫೋಟೋದಲ್ಲಿ ದಾರ ನೇರವಾಗಿದೆ, ಕಂಬ ದಾರದ ಕಡೆಗೆ ಬಂದಿದೆ. ಬುಡದಲ್ಲಿ ದಾರದಿಂದ ಕಂಬದ ಅಂಚು 6 ಅಂಗುಲ, ತುದಿಯಲ್ಲಿ 4. ಅಂದರೆ 2 ಅಂಗುಲ ವಾಲಿದೆ ಅಂತ ಬರೆದುಕೊಂಡೆ. ದೊಡ್ಡಪ್ಪನಿಗೆ ತೋರಿಸಿದೆ. "ಹಾಂ, ಇದು ನಮ್ಮನೆ" ಅಂದರು.

ಗಾರೆಮನೆ_ಹುಡುಗ

ಅಣ್ಣ, ಆ ಕಂಬ ಮೇಲಕ್ಕೆ ಹೋಗ್ತಾ ಸಣ್ಣ ಆಗಿದೆಯಲ್ಲ? ಹಾಗಿದ್ದರೆ ಒಂದೇ ಅಂಚು ಅಳೆಯಬಾರದು. ಎರಡೂ ಅಂಚು ಅಳೆದು ನಡುವು ಹಿಡಿಯಿರಿ.

ಮಧುಗಿರಿ_ಮೊಮ್ಮಗ

ಹೌದು! ಬುಡದಲ್ಲಿ ಬಲದ ಅಂಚು 14, ಅಂದರೆ ನಡುವು 10. ತುದಿಯಲ್ಲಿ ಬಲದ ಅಂಚು 11, ನಡುವು ಏಳೂವರೆ. ಹಾಗಾದರೆ ವಾಲಿದ್ದು ಎರಡೂವರೆ ಅಂಗುಲ. ಕಂಬ 8 ಅಡಿ. ತಿದ್ದಿಕೊಂಡೆ. ಜಗಲಿಯ ತುದಿಯಿಂದ ತೆಗೆದದ್ದರಲ್ಲಿ ನೀವು ಹೇಳಿದ ಹೊಟ್ಟೆಯೂ ಕಾಣಿಸಿತು, ಬಾಗಿಲ ಪಕ್ಕದ ಗೋಡೆಯಲ್ಲಿ. ನಮ್ಮ ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಒಂದು ಕಡೆ ಸೋತೆ. ನಾಲ್ಕು ಚಿತ್ರ ಜೋಡಿಸಿ ಒಂದೇ ಮುಂಭಾಗ ಮಾಡೋಣ ಅಂದರೆ ಕಂಬಗಳು ಕೂಡಿಕೊಂಡರೆ ಹಿಂದಿನ ಗೋಡೆ ಒಡೆಯುತ್ತದೆ. ಕಿಟಕಿಗೆ ಐದು ಸರಳು, ಜೋಡಿಸಿದ ಚಿತ್ರದಲ್ಲಿ ಏಳು ಬಂತು.

ಕ್ಲಿಕ್_ಕೋಲಾರ

ಅದನ್ನು ಫೋಟೋಶಾಪ್‌ನಲ್ಲಿ ಕೈಯಿಂದ ಅಳಿಸಿ ಸರಿ ಮಾಡಬಹುದು. ಬೇಕಾದರೆ ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ.

ಹಳೇಗೋಡೆ

ಕ್ಲಿಕ್ ಅವರ ಮನಸ್ಸು ದೊಡ್ಡದು, ಆದರೂ ಸರಳು ಅಳಿಸುವುದು ಬೇಡ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಮುಂದಿನ ಕಂಬ ಮತ್ತು ಹಿಂದಿನ ಗೋಡೆ ಬೇರೆ ಬೇರೆ ದೂರ ಸರಿಯುತ್ತವೆ. ಎರಡೂ ಒಟ್ಟಿಗೆ ಕೂಡುವುದಿಲ್ಲ. ನಾನಾದರೆ ನಾಲ್ಕನ್ನೂ ಬಿಡಿಯಾಗಿಯೇ ಇಡುತ್ತೇನೆ. ಮೂಲ ಫೈಲ್, ದಾರದ ಮೇಲೆ ತಿದ್ದಿದ ಫೈಲ್, ಎರಡನ್ನೂ ಇಡಿ. ದಾರ ಅಳಿಸಬೇಡಿ.

ಪಾವಗಡ_ಟೀಚರ್

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ನಾಲ್ಕು ತುಂಡು ನೋಡಿದವರಿಗೆ ಮನೆ ಒಟ್ಟಿಗೆ ಹೇಗಿತ್ತು ಅಂತ ಕಾಣುವುದೇ ಇಲ್ಲ. ಜೋಡಿಸಿದ್ದೂ ಒಂದು ಇರಲಿ, ಇದು ಜೋಡಿಸಿದ್ದು ಅಂತ ಕೆಳಗೆ ಬರೆದರೆ ಸಾಲದಾ?

ಹಳೇಗೋಡೆ

ಬರೆದದ್ದು ಚಿತ್ರದ ಜೊತೆ ಉಳಿಯುವುದಿಲ್ಲ ಅನ್ನುವುದೇ ನನ್ನ ಭಯ ಟೀಚರ್. ವಾಟ್ಸಾಪ್‌ನಲ್ಲಿ ಒಂದು ಸುತ್ತು ಹೋದರೆ ಚಿತ್ರ ಮಾತ್ರ ಬರುತ್ತದೆ. ಆದರೆ ಒಟ್ಟು ನೋಟ ಬೇಕು ಅನ್ನುವುದು ನಿಜ. ಬೀದಿಯ ಮೂಲೆಯಿಂದ ಓರೆಯಾಗಿ ಮನೆ ಪೂರ್ತಿ ಕಾಣುವ ಹಾಗೆ ಒಂದು ತೆಗೆದಿದ್ದಾರಾ?

ಮಧುಗಿರಿ_ಮೊಮ್ಮಗ

ಪೂರ್ವದ ಮೂಲೆಯಿಂದ ತೆಗೆದಿದ್ದೇನೆ. ಪಶ್ಚಿಮದ ಕಡೆ ಹುಲ್ಲಿನ ಬಣವೆ ಅಡ್ಡ ಬರುತ್ತದೆ. ಬರುವ ಭಾನುವಾರ ಅದನ್ನು ಸರಿಸಿಕೊಡ್ತೀನಿ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಗಾರೆಮನೆ, ನೀವು ತುಮಕೂರಿನಲ್ಲೇ ಇದ್ದರೆ ಬರ್ತೀರಾ? ಒಳಗಿನ ತೊಟ್ಟಿಯ ನಾಲ್ಕು ಮೂಲೆಗೂ ಗುಂಡು ಬಿಡಬೇಕು.

ಗಾರೆಮನೆ_ಹುಡುಗ

ಬರ್ತೀನಿ ಅಣ್ಣ. ಅಪ್ಪನ ಹಿತ್ತಾಳೆ ಗುಂಡು ತರ್ತೀನಿ. ಬಕೆಟ್ ನಾಲ್ಕು ರೆಡಿ ಇಡಿ.